ಒಂದೇ ವಿನ್ಯಾಸ, ಎರಡು ಭಾಷೆಯ ಸುದ್ದಿಪತ್ರ

ಪ್ರಶ್ನೆ: ಹಳೆ ವಿದ್ಯಾರ್ಥಿಗಳ ಇಮೇಲ್ ಸುದ್ದಿಪತ್ರವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ವಿನ್ಯಾಸದಲ್ಲಿ, ಒಂದೇ ಹೊತ್ತಿಗೆ ಕಳಿಸುವುದು ಹೇಗೆ?

ಉತ್ತರ: ಟೆಂಪ್ಲೇಟ್ ಒಂದೇ ಇರಲಿ, ಪಠ್ಯ ಮಾತ್ರ ಭಾಷೆಗೊಂದು ಫೈಲಿನಿಂದ ಬರಲಿ. ಚಿತ್ರದೊಳಗೆ ಅಕ್ಷರ ಬೇಡ. ಬಟನ್‌ಗೆ ನಿಗದಿತ ಅಗಲವೂ ಬೇಡ: ಇಂಗ್ಲಿಷಿನ ‘ಜಾಯಿನ್’ ಹಿಡಿಸಿದ ಜಾಗದಲ್ಲಿ ‘ಹೆಸರು ನೋಂದಾಯಿಸಿ’ ಎರಡು ಸಾಲಾಗುತ್ತದೆ. ಹಾಗಾಗಿ ನಾನು ಮೊದಲು ಫೋನಿನಲ್ಲಿ ನೋಡುವುದು ಕನ್ನಡ ಪ್ರತಿಯನ್ನೇ.

ಹಲವರು ಗಮನಿಸದ ತೊಡಕು ಗಾತ್ರದ್ದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ‘ಕಿ’ ಒಂದಕ್ಕೇ 6. ಜಿಮೇಲ್ ಸುಮಾರು 102 ಕೆಬಿ ದಾಟಿದ ಸಂದೇಶದ ಕೊನೆಯನ್ನು ಮರೆಮಾಡುತ್ತದೆ. ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುವುದೂ ಅಲ್ಲೇ. ಇಂಗ್ಲಿಷ್ ಪ್ರತಿ ಸರಿಯಿದ್ದು ಕನ್ನಡದ್ದು ಮಾತ್ರ ತುಂಡಾಗಿದ್ದರೆ ಕಾರಣ ಇದೇ ಇರಬಹುದು. ಉದ್ದದ ಲೇಖನಗಳಿಗೆ ಎರಡು ಸಾಲು, ಒಂದು ಕೊಂಡಿ ಸಾಕು.

ವೇಳೆಯನ್ನು ನಿಧಾನದ ಅನುವಾದಕ್ಕೆ ಹೊಂದಿಸಿ. ಕಳಿಸುವ 3 ದಿನ ಮೊದಲು ಪಠ್ಯಕ್ಕೆ ಬೀಗ ಹಾಕಿ. ಅನುವಾದವಾಗದ ಸುದ್ದಿಯನ್ನು ಎರಡೂ ಪ್ರತಿಗಳಿಂದ ತೆಗೆದು ಮುಂದಿನ ಸಂಚಿಕೆಗೆ ಹಾಕಿ.