ಪರಿಚಯದ ಕೊನೆಯ ಸಾಲು: ಚಪ್ಪಾಳೆ ಯಾವಾಗ ತಟ್ಟಬೇಕೆಂದು ಸಭೆಗೆ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ಅತಿಥಿಗಳ ಪರಿಚಯ ಮಾಡುವ ಕೆಲಸ ನನ್ನದು. ಪರಿಚಯ ಚೆನ್ನಾಗಿಯೇ ಆಗುತ್ತದೆ, ಆದರೆ ಕೊನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅತಿಥಿ ಮೌನದಲ್ಲೇ ನಡೆದು ಬರುತ್ತಾರೆ, ನನಗೆ ಮುಜುಗರ. ಕಳೆದ ಸಲ ನಾನು ಹೇಳಿದ್ದು ಹೀಗೆ: "ಇಂತಹ ಸಾಧಕರಾದ ಶ್ರೀಮತಿ ಇಂಥವರು ಈಗ ವೇದಿಕೆಗೆ ಆಗಮಿಸಿ, ನಮ್ಮ ಕೆರೆಗಳ ಕುರಿತು ತಮ್ಮ ಅಮೂಲ್ಯವಾದ ವಿಚಾರಗಳನ್ನು ಹಂಚಿಕೊಂಡು ನಮ್ಮನ್ನು ಉಪಕೃತರನ್ನಾಗಿ ಮಾಡಬೇಕೆಂದು ಸಂಘದ ಪರವಾಗಿ ಸವಿನಯದಿಂದ ಕೇಳಿಕೊಳ್ಳುತ್ತೇನೆ. ಧನ್ಯವಾದಗಳು." ರಾಜ್ಯೋತ್ಸವಕ್ಕೆ ಅವರನ್ನೇ ಮತ್ತೆ ಕರೆದಿದ್ದೇವೆ. ಈ ಸಾಲಿನಲ್ಲಿ ಏನು ತಪ್ಪಿದೆ?

ಉತ್ತರ: ವ್ಯಾಕರಣವೂ ಸರಿ, ಮರ್ಯಾದೆಯೂ ಸರಿ. ಆದರೆ ಈ ಸಾಲು ಸಭಿಕರನ್ನು ಉದ್ದೇಶಿಸಿದ್ದಲ್ಲ. "ಆಗಮಿಸಿ, ಹಂಚಿಕೊಂಡು, ಮಾಡಬೇಕೆಂದು ಕೇಳಿಕೊಳ್ಳುತ್ತೇನೆ" ಎಂಬ ಅಷ್ಟೂ ಮಾತು ಅತಿಥಿಗೆ ಹೇಳಿದ್ದು. ಸಭೆಯಲ್ಲಿ ಕೂತವರು ನಿಮ್ಮಿಬ್ಬರ ನಡುವಿನ ಕೋರಿಕೆಯನ್ನು ಕೇಳಿಸಿಕೊಳ್ಳುತ್ತಿರುತ್ತಾರೆ, ಅಷ್ಟೆ. ಅವರು ಏನಾದರೂ ಮಾಡಬೇಕು ಎಂಬ ಸೂಚನೆ ಅದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕೇ ಅವರು ಸುಮ್ಮನಿದ್ದರು. ಅದು ಅವರ ಉದಾಸೀನವಲ್ಲ.

ಎರಡನೆಯ ತೊಡಕು ಹೆಸರು ಬಂದಿರುವ ಜಾಗ. ಜನರಿಗೆ ಕೈ ಎತ್ತಬೇಕು ಅನ್ನಿಸುವುದು ಹೆಸರು ಕಿವಿಗೆ ಬಿದ್ದ ಕ್ಷಣದಲ್ಲಿ. ನಿಮ್ಮ ಸಾಲಿನಲ್ಲಿ ಹೆಸರು ಆರಂಭದಲ್ಲೇ ಬಂದುಹೋಗಿದೆ, ಅದರ ನಂತರ ಹದಿನೈದು ಪದಗಳಿಗೂ ಹೆಚ್ಚಿವೆ. ಹೆಸರು ಕೇಳಿ ತಟ್ಟಲು ಹೊರಟವರು ನೀವಿನ್ನೂ ಮಾತಾಡುತ್ತಿರುವುದನ್ನು ಕಂಡು ಕೈ ಇಳಿಸುತ್ತಾರೆ. "ಕೇಳಿಕೊಳ್ಳುತ್ತೇನೆ" ಎಂಬ ಉದ್ದನೆಯ ಕ್ರಿಯಾಪದಕ್ಕೆ ಬರುವ ಹೊತ್ತಿಗೆ ಉಸಿರು ಮುಗಿದು ದನಿಯೂ ಇಳಿದಿರುತ್ತದೆ. ಅದರ ಮೇಲೆ "ಧನ್ಯವಾದಗಳು" ಬೇರೆ. ಆಮೇಲೆ ನಾಲ್ಕು ಚಪ್ಪಾಳೆ ಬಿದ್ದರೂ ಅದು ಮಾತು ಮುಗಿಸಿದ ನಿಮಗೆ, ಅತಿಥಿಗಲ್ಲ. ಆ "ಧನ್ಯವಾದಗಳು" ಅನ್ನು ಮೊದಲು ಕಿತ್ತುಹಾಕಿ.

ಬ್ರಿಟನ್ನಿನ ಮ್ಯಾಕ್ಸ್ ಅಟ್ಕಿನ್ಸನ್ 1980ರ ದಶಕದಲ್ಲಿ ರಾಜಕೀಯ ಭಾಷಣಗಳ ಧ್ವನಿಮುದ್ರಣಗಳನ್ನು ಇಟ್ಟುಕೊಂಡು, ಚಪ್ಪಾಳೆ ಎಲ್ಲಿ ಹುಟ್ಟುತ್ತದೆ ಎಂದು ಅಳೆದು ನೋಡಿದವರು. ಅವರು ಕಂಡುಕೊಂಡ ಎರಡು ಸಂಗತಿಗಳು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಚಪ್ಪಾಳೆ ಸರಿಯಾಗಿ ಬಿದ್ದ ಕಡೆಯಲ್ಲೆಲ್ಲ ಅದು ಮಾತು ಮುಗಿದ ಅರೆ ಸೆಕೆಂಡಿನೊಳಗೇ, ಎಷ್ಟೋ ಸಲ ಕೊನೆಯ ಪದ ಮುಗಿಯುವ ಮೊದಲೇ ಶುರುವಾಗಿರುತ್ತದೆ. ಅಂದರೆ ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಜನರಿಗೆ ಮುಂಚೆಯೇ ಗೊತ್ತಾಗಿರಬೇಕು. ಇನ್ನೊಂದು, ಹೆಸರು ಹೇಳುವ ಕ್ರಮ. ಮೊದಲು ಯಾರೆಂಬುದರ ಸುಳಿವು, ಆಮೇಲೆ ಅವರ ಬಗ್ಗೆ ಒಂದು ಮಾತು, ಎಲ್ಲಕ್ಕೂ ಕೊನೆಗೆ ಹೆಸರು. ಹೀಗೆ ಬಂದಾಗ ಹೆಸರೇ ಮುಕ್ತಾಯದ ಗುರುತಾಗುತ್ತದೆ.

ಕನ್ನಡದಲ್ಲಿ ಇದನ್ನು ಮಾಡಲು ಸ್ವಲ್ಪ ಯೋಚಿಸಬೇಕು, ಏಕೆಂದರೆ ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. "ಶ್ರೀಮತಿ ಇಂಥವರನ್ನು ಹೃತ್ಪೂರ್ವಕವಾಗಿ ವೇದಿಕೆಗೆ ಬರಮಾಡಿಕೊಳ್ಳೋಣ" ಎಂದರೆ ಹೆಸರಿನ ಆಚೆಗೆ ಮೂರು ಪದ ಉಳಿಯುತ್ತವೆ. ಅರ್ಧ ಸಭೆ ಹೆಸರಿಗೆ ತಟ್ಟಿದರೆ ಇನ್ನರ್ಧ "ಕೊಳ್ಳೋಣ"ಕ್ಕೆ ಕಾಯುತ್ತದೆ. ಇದನ್ನು ತಪ್ಪಿಸಲೆಂದು ಕೆಲವರು "ಜೋರಾದ ಚಪ್ಪಾಳೆಯೊಂದಿಗೆ ಸ್ವಾಗತಿಸೋಣ, ಶ್ರೀಮತಿ ಇಂಥವರು!" ಎಂದು ಹೆಸರನ್ನು ಕೊನೆಗೆ ತರುತ್ತಾರೆ. ಅಲ್ಲಿ ಬೇರೆ ಪೇಚು. "ಚಪ್ಪಾಳೆ" ಎಂಬ ಪದ ಕೇಳಿದೊಡನೆ ಜನ ತಟ್ಟಲು ತೊಡಗುತ್ತಾರೆ, ಹೆಸರು ಆ ಸದ್ದಿನಲ್ಲಿ ಮುಳುಗುತ್ತದೆ. ಪರಿಚಯದಲ್ಲಿ ಕೇಳಿಸಲೇಬೇಕಾದದ್ದು ಹೆಸರು, ಅದೇ ಕೇಳಿಸದೆ ಹೋಗುತ್ತದೆ.

ನಾವು ಸೂಚಿಸುವುದು ಇದನ್ನು: ಹೆಸರಿಗೆ "ಗೆ" ಪ್ರತ್ಯಯ ಹಚ್ಚಿ, ಅದರ ಹಿಂದೆಯೇ "ಚಪ್ಪಾಳೆ" ಇಟ್ಟು, ಕ್ರಿಯಾಪದವನ್ನು ಬಿಟ್ಟುಬಿಡಿ. "ಶ್ರೀಮತಿ ಇಂಥವರಿಗೆ ಜೋರು ಚಪ್ಪಾಳೆ!" ಹೆಸರು ಸ್ಪಷ್ಟವಾಗಿ ಕೇಳುತ್ತದೆ, ಹೆಸರಿನ ಮರುಕ್ಷಣವೇ ಸಭೆಗೆ ಕೆಲಸ ಸಿಗುತ್ತದೆ, ಆಚೆಗೆ ಏನೂ ಉಳಿಯುವುದಿಲ್ಲ. ಅತಿಥಿ ಹಿರಿಯರಾಗಿದ್ದು "ಜೋರು" ಹಗುರವೆನಿಸಿದರೆ "ನಮ್ಮೆಲ್ಲರ ಚಪ್ಪಾಳೆ" ಎನ್ನಿ. ಇಪ್ಪತ್ತು ಮೂವತ್ತು ಜನರ ಕೋಣೆಯಲ್ಲಿ ಚಪ್ಪಾಳೆ ಕೇಳಿ ಪಡೆಯುವುದು ಸ್ವಲ್ಪ ಅತಿಯಾಗುತ್ತದೆ. ಅಲ್ಲಿ "ಇಂಥವರಿಗೆ ಸ್ವಾಗತ" ಎಂದು ಹೇಳಿ ನೀವೇ ತಟ್ಟಲು ಶುರು ಮಾಡಿದರೆ ಸಾಕು.

ನಿಮ್ಮ ಅತಿಥಿಯ ವಿಷಯ ಕೆರೆ ತಾನೆ? ಕೊನೆಯ ಭಾಗವನ್ನು ಹೀಗೆ ಕಟ್ಟಬಹುದು:

"ಮಳೆ ಬಂದರೂ ನಮ್ಮ ಕೆರೆ ಯಾಕೆ ತುಂಬುತ್ತಿಲ್ಲ? ರಾಜಕಾಲುವೆಗಳ ಗುಂಟ ನಡೆದು ನಡೆದು ಅದಕ್ಕೆ ಉತ್ತರ ಹುಡುಕಿದವರು ಇವತ್ತು ನಮ್ಮ ಜೊತೆ ಇದ್ದಾರೆ. ಆ ಉತ್ತರವನ್ನು ಈಗ ಅವರ ಬಾಯಿಂದಲೇ ಕೇಳೋಣ. ಶ್ರೀಮತಿ ಇಂಥವರಿಗೆ ಜೋರು ಚಪ್ಪಾಳೆ!"

ಮೊದಲ ವಾಕ್ಯ ವಿಷಯವನ್ನು ಹೇಳುತ್ತದೆ, ಎರಡನೆಯದು ಸುಳಿವು. "ಈಗ ... ಕೇಳೋಣ" ಎಂಬ ಮೂರನೆಯದು ಪರಿಚಯ ಮುಗಿಯುತ್ತಾ ಬಂತು ಎಂದು ಸಭೆಗೆ ತಿಳಿಸುತ್ತದೆ, ಜನ ಮಡಿಲಲ್ಲಿರುವ ಮೊಬೈಲ್ ಪಕ್ಕಕ್ಕಿಡುವುದು ಆಗಲೇ. ಈ ಭಾಗದಲ್ಲಿ ಹೆಸರು ಒಂದೇ ಸಲ ಬರುತ್ತದೆ. ಪರಿಚಯದ ಮೊದಲರ್ಧದಲ್ಲಿ ಹೆಸರನ್ನು ಹತ್ತು ಸಲ ಹೇಳಿದ್ದರೆ ಕೊನೆಯಲ್ಲಿ ಅದಕ್ಕೆ ತೂಕವಿರುವುದಿಲ್ಲ, ಹಾಗಾಗಿ ಅಲ್ಲೆಲ್ಲ "ಇವರು" ಎಂದೇ ನಡೆಸಿಕೊಂಡು ಹೋಗಿ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಹೇಗೂ ಇರುತ್ತದೆ, ಆದರೂ ಈ ಕ್ರಮ ಕೆಲಸ ಮಾಡುತ್ತದೆ.

ಹೇಳುವ ರೀತಿಯಲ್ಲಿ ಎರಡು ಕಡೆ ಎಚ್ಚರ ಬೇಕು. "ಕೇಳೋಣ" ಆದ ಮೇಲೆ ಅರ್ಧದಿಂದ ಒಂದು ಸೆಕೆಂಡ್ ನಿಂತು ಉಸಿರು ತೆಗೆದುಕೊಳ್ಳಿ. ಅದಕ್ಕಿಂತ ಹೆಚ್ಚು ನಿಂತರೆ ಮುಂದಿನ ಸಾಲಿನವರು ಮುಗಿಯಿತೆಂದು ತಿಳಿದು ತಟ್ಟಿಬಿಡುತ್ತಾರೆ. ಆಮೇಲೆ ಹೆಸರಿನಿಂದ "ಚಪ್ಪಾಳೆ"ವರೆಗೆ ಒಂದೇ ಉಸಿರು, ನಡುವೆ ನಿಲ್ಲಬೇಡಿ, ಕೊನೆಯ "ಳೆ" ಇಳಿಯದಿರಲಿ. ಇನ್ನೊಂದು, ಹೆಸರು ಹೇಳುವಾಗ ಕಣ್ಣು ಸಭೆಯ ಕಡೆಗೇ ಇರಲಿ. ತುಂಬ ಜನ ಗೌರವದಿಂದ ಅತಿಥಿಯತ್ತ ತಿರುಗಿಯೇ ಹೆಸರು ಹೇಳುತ್ತಾರೆ. ಬಾಯಿ ಮೈಕಿನಿಂದ ಪಕ್ಕಕ್ಕೆ ಸರಿದು ಹೆಸರೇ ಕೇಳಿಸುವುದಿಲ್ಲ. ಅತಿಥಿಯತ್ತ ತಿರುಗಬೇಕಾದದ್ದು "ಚಪ್ಪಾಳೆ" ಎಂದ ಮೇಲೆ.

ಹಾಗೆ ತಿರುಗುತ್ತಲೇ ಮೊದಲ ಚಪ್ಪಾಳೆ ನಿಮ್ಮದಾಗಿರಬೇಕು, ಅದೂ ಎದೆಯ ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ. ಮೈಕ್ ಸ್ಟ್ಯಾಂಡಿನಲ್ಲಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು ತಟ್ಟಿ, ಹತ್ತಿರ ನಿಂತರೆ ಸ್ಪೀಕರಿನಲ್ಲಿ ಪಟಪಟ ಸದ್ದು ಕಿವಿಗೆ ಬಡಿಯುತ್ತದೆ. ಕೈಯಲ್ಲಿ ಹಿಡಿಯುವ ಮೈಕಾದರೆ, ಮೈಕ್ ಹಿಡಿದ ಕೈಯ ಮಣಿಕಟ್ಟಿನ ಮೇಲೆ ಇನ್ನೊಂದು ಅಂಗೈಯಿಂದ ಮೆಲ್ಲಗೆ ತಟ್ಟಿ. ಸದ್ದು ಬರದಿದ್ದರೂ ಸರಿ, ಜನರಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಸೂಚನೆ. ಆಗ ಮೈಕನ್ನು ನೆಲದ ಮೇಲಿಟ್ಟ ಮಾನಿಟರ್ ಸ್ಪೀಕರಿನ ಕಡೆಗೆ ಬಗ್ಗಿಸಬೇಡಿ, ಕೂಡಲೇ ಕೀಂಯ್ ಎಂದು ಕೂಗುತ್ತದೆ.

ನಿಮ್ಮೊಬ್ಬರ ಕೈ ಸಾಲದು. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಚಪ್ಪಾಳೆ ಹಬ್ಬುವುದು ಪಕ್ಕದ ಕುರ್ಚಿಯವರನ್ನು ನೋಡಿಯಲ್ಲ, ಕೋಣೆಯಲ್ಲಿ ಒಟ್ಟು ಎಷ್ಟು ಜನ ತಟ್ಟುತ್ತಿದ್ದಾರೆ ಎಂಬುದರ ಮೇಲೆ ಎಂದು ಕಂಡುಬಂತು. ಹಾಗಾಗಿ ಸಂಘದ ಇಬ್ಬರು ಮೂವರಿಗೆ "ಚಪ್ಪಾಳೆ ಅಂದ ತಕ್ಷಣ ಶುರು ಮಾಡಿ" ಎಂದು ಮೊದಲೇ ಹೇಳಿಟ್ಟಿರಿ. ಒಬ್ಬರು ಮುಂದೆ, ಒಬ್ಬರು ಕೊನೆಯ ಸಾಲಿನಲ್ಲಿ ಕೂರಲಿ, ಸದ್ದು ಸಭಾಂಗಣ ತುಂಬಿದಂತೆ ಕೇಳುತ್ತದೆ. ಇಷ್ಟಾಗಿಯೂ ಚಪ್ಪಾಳೆ ಬಡವಾದರೆ "ಯಾಕೆ, ಊಟ ಆಗಿಲ್ವಾ? ಇನ್ನೂ ಜೋರಾಗಿ!" ಎಂದು ಸಭೆಯನ್ನು ಕೆಣಕಬೇಡಿ. ಅತಿಥಿಗೆ ಬಂದದ್ದು ಬೇಡಿ ಪಡೆದ ಮರ್ಯಾದೆ ಎಂದಾಗುತ್ತದೆ. ಸುಮ್ಮನೆ ತಟ್ಟುತ್ತಾ ಇರಿ.

ಇನ್ನು ನಡಿಗೆಯ ಲೆಕ್ಕ. ಅಟ್ಕಿನ್ಸನ್ ಅಳತೆಯಲ್ಲಿ ಸಾಮಾನ್ಯ ಚಪ್ಪಾಳೆಯೊಂದು ಬಾಳುವುದು ಸುಮಾರು 8 ಸೆಕೆಂಡ್. ಸೀರೆಯುಟ್ಟ ಹಿರಿಯರೊಬ್ಬರು ಕುರ್ಚಿಯಿಂದೆದ್ದು, ನಿಧಾನವಾಗಿ ನಡೆದು, ಮೆಟ್ಟಿಲು ಹತ್ತುವುದಾದರೆ ಸೆಕೆಂಡಿಗೆ ಒಂದು ಮೀಟರ್ ಸಾಗುವುದೂ ಕಷ್ಟ. ಐದನೆಯ ಸಾಲಿನ ನಡುವೆ ಕೂತಿದ್ದರೆ ವೇದಿಕೆಗೆ 12 ಮೀಟರ್ ಎಂದುಕೊಳ್ಳಿ, ಮೆಟ್ಟಿಲು ಸೇರಿ 15 ಸೆಕೆಂಡ್ ಮೀರುತ್ತದೆ. ಮೆಟ್ಟಿಲ ಬಳಿ ಬರುವ ಹೊತ್ತಿಗೆ ಸಭೆ ನಿಶ್ಶಬ್ದ. ನೀವು ಹೇಳಿದ ಮೌನದ ನಡಿಗೆಗೆ ಅರ್ಧ ಕಾರಣ ಇದೂ ಇರಬಹುದು. ಅತಿಥಿಯನ್ನು ಮೊದಲ ಸಾಲಿನಲ್ಲಿ, ಮೆಟ್ಟಿಲಿಗೆ ಹತ್ತಿರದ ತುದಿಯ ಕುರ್ಚಿಯಲ್ಲಿ ಕೂರಿಸಿ. "ರಾಜಕಾಲುವೆ ಅಂದ ಕೂಡಲೇ ಸಿದ್ಧರಾಗಿ, ಮೇಡಂ" ಎಂದು ಮುಂಚೆ ಹೇಳಿಡಿ, ಇಲ್ಲದಿದ್ದರೆ ಹೆಸರು ಕೇಳಿದ ಮೇಲೆ ಅವರು ಚೀಲ, ಕನ್ನಡಕ, ಕಾಗದ ಹುಡುಕುತ್ತಾರೆ. ನಿಮ್ಮಲ್ಲಿ ರೂಢಿಯಿರುವಂತೆ ಗಣ್ಯರೆಲ್ಲ ವೇದಿಕೆಯ ಮೇಲೇ ಕೂತಿದ್ದರೆ ಈ ತೊಂದರೆಯಿಲ್ಲ, ನಾಲ್ಕು ಹೆಜ್ಜೆಯಲ್ಲಿ ಮುಗಿಯುತ್ತದೆ.

ಅವರು ಮೈಕಿನ ಬಳಿ ಬರುವವರೆಗೆ ನೀವು ಜಾಗ ಬಿಡಬಾರದು. ಚಪ್ಪಾಳೆ ನಿಲ್ಲಿಸಬೇಕಾದದ್ದೂ ಆಗಲೇ, ನೀವು ನಿಲ್ಲಿಸಿದರೆ ಸಭೆಯೂ ನಿಲ್ಲಿಸುತ್ತದೆ. ಒಂದು ನಮಸ್ಕಾರ ಮಾಡಿ, ಅವರು ಬಂದ ಕಡೆಗಲ್ಲದೆ ಇನ್ನೊಂದು ಬದಿಯಿಂದ ಹೊರಟುಬಿಡಿ. ಎದುರುಬದುರಾಗಿ ದಾರಿ ಬಿಡುವ ಗೊಂದಲ ತಪ್ಪುತ್ತದೆ. "ಬನ್ನಿ ಮೇಡಂ, ಹದಿನೈದು ನಿಮಿಷ ಇದೆ", "ಕೆಂಪು ಕಾರಿನವರು ದಾರಿ ಬಿಡಬೇಕಂತೆ" ಎಂಬ ಯಾವ ಮಾತೂ ಚಪ್ಪಾಳೆಯ ಮೇಲೆ ಬೇಡ. ಅಂಥ ಪ್ರಕಟಣೆಗಳಿದ್ದರೆ ಪರಿಚಯಕ್ಕೆ ಮುಂಚೆ ಮುಗಿಸಿ.

ಶಾಲು, ಹಾರ, ಫಲತಾಂಬೂಲದ ಸನ್ಮಾನವನ್ನು ಪರಿಚಯಕ್ಕೂ ಭಾಷಣಕ್ಕೂ ನಡುವೆ ತುರುಕುವುದು ಹಲವು ಸಂಘಗಳ ಅಭ್ಯಾಸ. ಹಾಗೆ ಮಾಡಿದರೆ ಚಪ್ಪಾಳೆಯೆಲ್ಲ ಶಾಲು ಹೊದಿಸುವಾಗ ಖರ್ಚಾಗುತ್ತದೆ. ಆಮೇಲೆ ಫೋಟೊ, ಆಮೇಲೆ ಹಾರ ತೆಗೆದಿಡುವುದು, ಕೊನೆಗೆ ಅತಿಥಿ ಮಾತಿಗೆ ನಿಲ್ಲುವುದು ತಣ್ಣಗಾದ ಸಭೆಯ ಮುಂದೆ. ಸನ್ಮಾನವನ್ನು ಭಾಷಣದ ನಂತರಕ್ಕೆ ಹಾಕಿ. ಸಮಿತಿ ಒಪ್ಪದಿದ್ದರೆ ಸನ್ಮಾನ ಪೂರ್ತಿ ಮುಗಿದ ಮೇಲೆ, ಮೇಲಿನ ಕೊನೆಯ ಎರಡು ವಾಕ್ಯಗಳನ್ನಷ್ಟೇ ಹೇಳಿ ಮೈಕ್ ಬಿಟ್ಟುಕೊಡಿ.

ಅದೇ ಕಾರ್ಯಕ್ರಮದಲ್ಲಿ ಪ್ರಾರ್ಥನೆ, ನಾಡಗೀತೆ, ಅಗಲಿದವರಿಗೆ ಮೌನಾಚರಣೆ ಇದ್ದರೆ ಅವುಗಳಿಗೆ ಈ ಸಾಲು ಹೊಂದುವುದಿಲ್ಲ. ಅಲ್ಲಿ "ಚಪ್ಪಾಳೆ" ಎಂಬ ಪದವನ್ನು ಎಲ್ಲೂ ತರದೆ, ಸಭೆ ಏನು ಮಾಡಬೇಕೋ ಅದನ್ನೇ ಕೊನೆಗಿಡಿ: "ನಾಡಗೀತೆಗಾಗಿ ಎಲ್ಲರೂ ಎದ್ದು ನಿಲ್ಲೋಣ." ನುಡಿನಮನ ಸಲ್ಲಿಸಲು ಬರುವವರನ್ನು ಹೆಸರು ಹೇಳಿ, "ಈಗ ಮಾತನಾಡುತ್ತಾರೆ" ಎಂದು ಸಮತೂಕದ ದನಿಯಲ್ಲಿ ಮುಗಿಸಿ, ಕೈಗಳನ್ನು ಕಟ್ಟಿ ನಿಲ್ಲಿ. ನಿಮ್ಮ ಕೈ ಅಲುಗದಿದ್ದರೆ ಅಲ್ಲಿ ಯಾರೂ ತಟ್ಟುವುದಿಲ್ಲ.