ಮುಖಕ್ಕೆ 45, ಕೈಗೆ 72

ಪ್ರಶ್ನೆ: ಅಮ್ಮ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ಗೋಡೆಗೆ ಹಾಕಲು ಫೋಟೋ ಮಾಡುತ್ತಿದ್ದೇನೆ. ಅವರ 72ನೇ ವಯಸ್ಸಿನಲ್ಲಿ, ನನ್ನ ಮಗನ ನಾಮಕರಣದ ದಿನ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಚೆನ್ನಾಗಿ ಕುಳಿತಿದ್ದಾರೆ. ಆದರೆ ಕಾಯಿಲೆಯಿಂದ ಮುಖ ಸೊರಗಿದೆ. ಅದಕ್ಕೆ 45ರ ವಯಸ್ಸಿನ ಹಳೆಯ ಫೋಟೋದಿಂದ ಮುಖ ತೆಗೆದು ಫೋಟೋಶಾಪ್‌ನಲ್ಲಿ ಕೂರಿಸಿದೆ. ಬಣ್ಣವನ್ನೆಲ್ಲ ಹೊಂದಿಸಿದರೂ ಯಾರೋ ಬೇರೆಯವರ ಹಾಗೆ ಕಾಣುತ್ತಾರೆ. ಎಲ್ಲಿ ತಪ್ಪಿದೆ? ಅಮ್ಮ ಬಹಳ ವರ್ಷ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವರು.
— ಓದುಗರು, ಶಿಡ್ಲಘಟ್ಟ

ಉತ್ತರ: ಬಣ್ಣದ ಬೆನ್ನು ಹತ್ತಿದ್ದೇ ದಾರಿ ತಪ್ಪಿಸಿದೆ. ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಬಣ್ಣವೆಲ್ಲ ಹೋದ ಮೇಲೂ ಆ ಅಪರಿಚಿತರು ಅಲ್ಲೇ ಕುಳಿತಿರುತ್ತಾರೆ. ಈಗ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ, ಕುತ್ತಿಗೆ ಮತ್ತು ಕೈಗಳನ್ನಷ್ಟೇ ನೋಡಿ ವಯಸ್ಸು ಊಹಿಸಿ. ಆಮೇಲೆ ಗಲ್ಲದಿಂದ ಕೆಳಗೆ ಮುಚ್ಚಿ ಮತ್ತೊಮ್ಮೆ ಊಹಿಸಿ. ಎರಡು ಉತ್ತರಗಳ ನಡುವೆ ಹತ್ತು ವರ್ಷ ಮೀರಿದ ಅಂತರ ಬಂದರೆ ಯಾವ ಬಣ್ಣವೂ ಅದನ್ನು ಮುಚ್ಚುವುದಿಲ್ಲ. ನಿಮ್ಮಲ್ಲಿ 27 ವರ್ಷದ ಅಂತರವಿದೆ.

ತುಮಕೂರಿನಲ್ಲಿ ಸ್ಟುಡಿಯೋ ಇಟ್ಟ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ತಿಪಟೂರು ಕಡೆಯ ತೆಂಗಿನ ತೋಟದವರೊಬ್ಬರು ತಂದೆಯ ಫೋಟೋ ಮಾಡಿಸಲು ಬಂದರು. ಮದುವೆಯ ದಿನದ ಮುಖವನ್ನು ಎಂಬತ್ತರ ಹತ್ತಿರದ ದೇಹಕ್ಕೆ ಕೂರಿಸಿ, ಚೌಕಟ್ಟು ಹಾಕಿಸಿ ಕೊಟ್ಟೆ. ಅವರ ತಾಯಿ ಅದನ್ನು ಕೈಯಲ್ಲಿ ಹಿಡಿದು ನೋಡಿ, 'ನನ್ನ ಮಗನ ಫೋಟೋಗೆ ಯಾಕಪ್ಪಾ ಹಾರ ಹಾಕುತ್ತೀರಿ?' ಎಂದರು. ಆ ಚಿತ್ರವನ್ನು ಎರಡನೇ ಸಲ ಪುಕ್ಕಟೆ ಮಾಡಿಕೊಟ್ಟೆ.

ಕೈಯಿಂದಲೇ ಶುರು ಮಾಡೋಣ. ವಯಸ್ಸಾದಂತೆ ಅಂಗೈಯ ಹಿಂಬದಿಯಲ್ಲಿ ಚರ್ಮದ ಅಡಿಯ ಕೊಬ್ಬು ಕರಗುತ್ತದೆ. ಆಗ ನರಗಳು ಉಬ್ಬಿ ಕಾಣುತ್ತವೆ, ಬೆರಳಿಗೆ ಹೋಗುವ ಸ್ನಾಯುರಜ್ಜುಗಳು ಏಣುಗಳಂತೆ ಏಳುತ್ತವೆ, ಅವುಗಳ ನಡುವೆ ಹಳ್ಳ ಬೀಳುತ್ತದೆ. ಗಿಣ್ಣುಗಳು ದಪ್ಪವಾಗುತ್ತವೆ, ಬಳೆ ಸಡಿಲವಾಗಿ ಕೆಳಗೆ ಜಾರಿರುತ್ತದೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿದ ಕೈ ಎಂದಮೇಲೆ ಇದೆಲ್ಲ ಇನ್ನೂ ಎದ್ದು ಕಾಣುತ್ತದೆ. ಕುತ್ತಿಗೆಯಲ್ಲಿ ಗಲ್ಲದಿಂದ ಕೊರಳ ಎಲುಬಿನವರೆಗೆ ಉದ್ದುದ್ದ ಪಟ್ಟಿಗಳು ಬರುತ್ತವೆ. ಅಡ್ಡಗೆರೆಗಳು ಹರೆಯದಲ್ಲೂ ಇರುತ್ತವೆ, ಉದ್ದ ಪಟ್ಟಿಯೇ ವಯಸ್ಸನ್ನು ಹೇಳುವುದು. 45ರಲ್ಲಿ ದವಡೆಯ ಕೆಳಗೆ ನೆರಳಿನ ಗೆರೆ ಚೊಕ್ಕವಾಗಿ ಬೀಳುತ್ತದೆ. 72ರಲ್ಲಿ ಚರ್ಮ ಜೋತು ಆ ಗೆರೆಯೇ ಕದಡಿರುತ್ತದೆ. ನೀವು ಚೊಕ್ಕ ದವಡೆಯನ್ನು ಜೋತ ಕುತ್ತಿಗೆಗೆ ಅಂಟಿಸಿದ್ದೀರಿ. ಮುಖವಾಡ ತೊಟ್ಟಂತೆ ಕಾಣುವುದು ಅದಕ್ಕೇ.

ಕಿವಿಯನ್ನೂ ನೋಡಿ. ಮುಖ ಕತ್ತರಿಸುವವರು ಸಾಮಾನ್ಯವಾಗಿ ಕಿವಿಯನ್ನು ವಯಸ್ಸಾದ ದೇಹದ ಪಾಲಿಗೆ ಬಿಡುತ್ತಾರೆ. ಓಲೆಯ ಭಾರಕ್ಕೆ ಹಾಲೆ ಜೋತು, ಚುಚ್ಚಿದ ತೂತು ಸೀಳಿನಂತೆ ಉದ್ದವಾಗಿರುವ ಕಿವಿ, ತುಂಬಿದ ಕೆನ್ನೆಯ ಪಕ್ಕದಲ್ಲಿ ನಿಂತು ಗುಟ್ಟು ಬಿಟ್ಟುಕೊಡುತ್ತದೆ.

ಇನ್ನು ಅಳತೆ. ಮುಖದ ಹೊರಗೆರೆಯನ್ನು ಹೊರಗೆರೆಗೆ ಕೂಡಿಸಿದ್ದೀರಿ ಎಂದು ನನ್ನ ಅನುಮಾನ. 45ರ ಕೆನ್ನೆ ಅಗಲ, ಸೊರಗಿದ ಮುಖ ಕಿರಿದು. ಅಗಲವನ್ನು ಇದಕ್ಕೆ ಹೊಂದಿಸಿದರೆ ಕಣ್ಣು, ಮೂಗು ಎಲ್ಲವೂ ಕುಗ್ಗುತ್ತವೆ. ಹಣೆಯಿಂದ ಗಲ್ಲದವರೆಗಿನ ಉದ್ದವೂ ನಂಬಿಕೆಗೆ ಅರ್ಹವಲ್ಲ, ಹಲ್ಲು ಬಿದ್ದಮೇಲೆ ಮೂಗಿನಿಂದ ಗಲ್ಲಕ್ಕಿರುವ ದೂರ ಕಡಿಮೆಯಾಗುತ್ತದೆ. ಬೆಳೆದವರಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿಯುವ ಅಳತೆ ಎರಡು ಕಣ್ಣುಗಳ ಪಾಪೆಗಳ ನಡುವಿನ ದೂರ. ಎರಡೂ ಚಿತ್ರಗಳಲ್ಲಿ ಮುಖ ನೇರವಾಗಿ ಕ್ಯಾಮೆರಾ ನೋಡುತ್ತಿದ್ದರೆ ಅದನ್ನೇ ಹಿಡಿಯಿರಿ. ಹಳೆಯ ಫೋಟೋದ ಪದರವನ್ನು ಅರೆಪಾರದರ್ಶಕ ಮಾಡಿ, ಪಾಪೆಯ ಮೇಲೆ ಪಾಪೆ ಬರುವವರೆಗೆ ಹಿಗ್ಗಿಸಿ. ಕೆನ್ನೆ ಆಚೆಗೆ ಬರುತ್ತದೆ, ಬರಲಿ.

ಈಗ ನಿಮ್ಮ ಚಿತ್ರಕ್ಕೆ ನಾನಾದರೆ ಏನು ಮಾಡುತ್ತಿದ್ದೆ? ಮೊದಲು ನಡುವಿನ ವಯಸ್ಸಿನ ಮುಖ ಹುಡುಕುತ್ತಿದ್ದೆ. ಮಕ್ಕಳ ಮದುವೆ ಆಲ್ಬಮ್, ಬ್ಯಾಂಕಿನ ಪಾಸ್‌ಪುಸ್ತಕ, ಯಾತ್ರೆಗೆ ಹೋದಾಗಿನ ಗುಂಪು ಚಿತ್ರ, ಎಲ್ಲಾದರೂ 60–65ರ ಒಂದು ಮುಖ ಸಿಗುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಸಿಗದಿದ್ದರೆ 72ರ ಮುಖವನ್ನೇ ವಾಪಸ್ ತನ್ನಿ. ಅಲ್ಲಿ ಕಿವಿ, ಕೂದಲ ಅಂಚು, ದವಡೆ, ಬೆಳಕು ಎಲ್ಲವೂ ಆ ದೇಹದವೇ. ಕಾಯಿಲೆ ಕಿತ್ತುಕೊಂಡದ್ದನ್ನು ಮಾತ್ರ ತುಂಬಿದರೆ ಸಾಕು: ಕುಳಿಬಿದ್ದ ಕೆನ್ನೆ, ಕಣತಲೆಯ ತಗ್ಗು, ಕಣ್ಣಿನ ಕೆಳಗಿನ ಕಪ್ಪು. ತಗ್ಗು ಎಂದರೆ ಚಿತ್ರದಲ್ಲಿ ನೆರಳು, ಅಷ್ಟೇ. ಫೋಟೋಶಾಪ್‌ನಲ್ಲಿ ಹೊಸ ಪದರವನ್ನು `Soft Light`ಗೆ ಇಟ್ಟು, `50% Gray` ತುಂಬಿ. ಮೆತ್ತನೆಯ ಬಿಳಿ ಬ್ರಷ್‌ನ `Flow` ಅನ್ನು 3–5%ಕ್ಕೆ ಇಳಿಸಿ, ನೆರಳಿನ ಮೇಲೆ ನಿಧಾನವಾಗಿ ಸವರುತ್ತಾ ಹೋಗಿ. 45ರ ಫೋಟೋ ಪಕ್ಕದಲ್ಲಿ ತೆರೆದಿರಲಿ, ಕೆನ್ನೆ ಎಲ್ಲಿ ತುಂಬಿತ್ತು ಎಂದು ನೋಡಿಕೊಳ್ಳುವುದಕ್ಕೆ. ಸುಕ್ಕುಗಳನ್ನು ಮುಟ್ಟಬೇಡಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ದೂರದಿಂದ ನೋಡಿ. ಈ ಕೆಲಸದಲ್ಲಿ ಕೈ ಮೀರುವುದು ಬಹಳ ಸುಲಭ.

45ರ ಮುಖವೇ ಬೇಕು ಎಂದು ಮನೆಯವರು ಪಟ್ಟು ಹಿಡಿದರೆ, ಮುಖದ ಜೊತೆ ಅದೇ ಫೋಟೋದ ಕಿವಿ, ಕುತ್ತಿಗೆಗಳನ್ನೂ ತನ್ನಿ. ಜೋಡಿಸುವ ಗೆರೆ ದವಡೆಯಲ್ಲಿ ಬರಬಾರದು, ರವಿಕೆಯ ಅಂಚಿನಲ್ಲಿ, ಸೆರಗಿನ ಮಡಿಕೆಯ ಅಡಿಯಲ್ಲಿ ಬರಬೇಕು. ಬಟ್ಟೆಗೆ ವಯಸ್ಸಿಲ್ಲ, ಅಲ್ಲಿ ಹೊಲಿಗೆ ಕಾಣುವುದಿಲ್ಲ. ಚಿತ್ರವನ್ನು ಎದೆಯ ಮಟ್ಟಕ್ಕೆ ಕತ್ತರಿಸಿ, ಕೈಗಳನ್ನು ಹೊರಗಿಡಿ. ಕೈಯ ನರಗಳನ್ನು ಮಸುಕು ಮಾಡಿ ಹರೆಯ ತರಲು ಹೋದವರ ಕೆಲಸ ಬೇಕಾದಷ್ಟು ನೋಡಿದ್ದೇನೆ; ಎಲ್ಲ ರಬ್ಬರ್ ಕೈಗವಸು ತೊಟ್ಟಂತಿರುತ್ತವೆ. ಭುಜವೂ ಒಂದು ಮಿತಿ. 72ರಲ್ಲಿ ಬೆನ್ನು ಬಾಗಿ ತಲೆ ಮುಂದಕ್ಕೆ ಬಂದಿದ್ದರೆ, ನೆಟ್ಟಗಿನ ಕುತ್ತಿಗೆ ಆ ಭುಜದ ಮೇಲೆ ನಿಲ್ಲುವುದಿಲ್ಲ. ಆಗ 45ರ ಫೋಟೋವನ್ನೇ ಪೂರ್ತಿಯಾಗಿ ತಿದ್ದಿ ಹಾಕುವುದು ಲೇಸು.

ಹಳೆಯ ಮುದ್ರಿತ ಫೋಟೋ ಮೆತ್ತಗೆ, ಕಣಕಣವಾಗಿರುತ್ತದೆ, ಮೊಬೈಲಿನದು ಚುರುಕು. ಮೆತ್ತನೆಯ ಮುಖ ಇನ್ನೂ ಐದು ವರ್ಷ ಎಳೆಯದಾಗಿ ಕಾಣುತ್ತದೆ. ಕೊನೆಗೆ ಇಡೀ ಚಿತ್ರದ ಮೇಲೆ ಒಂದೇ ಬಗೆಯ ತೆಳು ಕಣ ಹಾಕಿದರೆ ಎರಡೂ ಸಮೀಪ ಬರುತ್ತವೆ. ಇನ್ನೊಂದು ಮಾತು: ಹಳೆಯ ಕುತ್ತಿಗೆಯ ಜೊತೆ ಕರಿಮಣಿ ಸರವೂ ಬರುತ್ತದೆ. ನಾಮಕರಣದ ಚಿತ್ರದಲ್ಲಿ ಅದು ಇಲ್ಲದಿದ್ದರೆ, ಇರಲೋ ಬೇಡವೋ ಎಂಬುದನ್ನು ಮನೆಯಲ್ಲಿ ಹಿರಿಯರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಜಗಳ ನಡೆದಿರುವುದು ಈ ಸರದ ಮೇಲೆಯೇ.

ನನ್ನ ಆಯ್ಕೆ ಕೇಳಿದರೆ, 72ರ ಮುಖ ತುಂಬಿಸಿ, ಕೈಗಳನ್ನು ಇದ್ದಂತೆಯೇ ಉಳಿಸಿ. ದೊಡ್ಡದು ಹಾಕಿಸುವ ಮೊದಲು 4x6 ಅಳತೆಯಲ್ಲಿ ಒಂದು ಮುದ್ರಿಸಿ, ಅಮ್ಮನ ಜೊತೆ ನೂಲು ತೆಗೆದ ಒಬ್ಬರಿಗೆ ಏನನ್ನೂ ಹೇಳದೆ ತೋರಿಸಿ. ಅವರು 'ಇದು ಯಾವಾಗ ತೆಗೆದದ್ದು?' ಎಂದು ಕೇಳಿದರೆ ಚೌಕಟ್ಟಿಗೆ ಕೊಡಿ. 'ಇದು ಯಾರು?' ಎಂದರೆ ಇನ್ನೂ ಒಂದು ತಿಂಗಳಿದೆ.