ತನಗಾಗಿ ಏನನ್ನೂ ಇಟ್ಟುಕೊಳ್ಳದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

9 ವರ್ಷದ ಹುಡುಗನೊಬ್ಬನನ್ನು ಅವನ ತಂದೆತಾಯಿ ನನ್ನ ಬಳಿ ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸುಮಾರು ಎರಡು ತಿಂಗಳಿಂದ ತಾಯಿಯ ಪರ್ಸಿನಿಂದ ಆಗಾಗ ಹಣ ಕಾಣೆಯಾಗುತ್ತಿತ್ತು, ಕೇಳಿದಾಗಲೆಲ್ಲ ಅವನು ಕಣ್ಣಲ್ಲಿ ಕಣ್ಣಿಟ್ಟು “ನಾನು ತೆಗೆದಿಲ್ಲ” ಎನ್ನುತ್ತಿದ್ದ. ಕೊನೆಗೆ ತಂದೆ ಮನೆಮಂದಿಯೆಲ್ಲರ ಎದುರು ಅವನ ಶಾಲಾಚೀಲವನ್ನು ನೆಲಕ್ಕೆ ಸುರಿದಾಗ ಪುಸ್ತಕಗಳ ನಡುವಿನಿಂದ ಎರಡು ನೋಟುಗಳು ಬಿದ್ದವು. ಆಗಲೂ ಹುಡುಗ, “ಯಾರೋ ಇಟ್ಟಿದ್ದಾರೆ” ಎಂದನಂತೆ. ತಾಯಿಯನ್ನು ಹೆಚ್ಚು ನೋಯಿಸಿದ್ದು ಕಳವಲ್ಲ, ಈ ಸುಳ್ಳು.

ಐದು ವರ್ಷದ ಮಗು ಇನ್ನೊಬ್ಬರ ವಸ್ತುವನ್ನು ಎತ್ತಿಕೊಂಡರೆ ‘ನನ್ನದು, ನಿನ್ನದು’ ಎಂಬ ಭೇದ ಇನ್ನೂ ಗಟ್ಟಿಯಾಗಿಲ್ಲವೆನ್ನಬಹುದು, ಆದರೆ ಒಂಬತ್ತರ ಮಗುವಿಗೆ ಅದು ತಪ್ಪೆಂದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಅವನಿಗೆ ಕಳವು ತಪ್ಪೆಂದು ಮತ್ತೊಮ್ಮೆ ಬೋಧಿಸುವುದರಿಂದ ಪ್ರಯೋಜನವಿರಲಿಲ್ಲ. ತಪ್ಪೆಂದು ಗೊತ್ತಿದ್ದೂ ಮಾಡುವಷ್ಟು ಬೆಲೆಬಾಳುವಂಥದ್ದು ಅವನಿಗೆ ಇದರಿಂದ ಏನು ದಕ್ಕುತ್ತಿದೆ ಎಂಬುದು ನನಗೆ ತಿಳಿಯಬೇಕಿತ್ತು. ಹಣ ಯಾವ ದಿನ ಹೋಯಿತು, ಅದರ ಹಿಂದಿನ ದಿನ ಏನು ನಡೆದಿತ್ತು, ಹಣದಿಂದ ಏನಾಯಿತು ಎಂದು ನೆನಪಿದ್ದಷ್ಟನ್ನು ಬರೆದು ತರಲು ತಾಯಿಗೆ ಹೇಳಿದೆ. ಬಹುತೇಕ ಸಲ ಹಣ ಹೋಗಿದ್ದು ಭಾನುವಾರ ರಾತ್ರಿ, ಅಂದರೆ ವಾರದ ಶಾಲೆ ಶುರುವಾಗುವ ಮುನ್ನ.

ಹುಡುಗನನ್ನು ‘ಏಕೆ ಕದ್ದೆ’ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಮಕ್ಕಳ ಬಳಿ ಉತ್ತರವಿರುವುದು ಅಪರೂಪ. ಶಾಲೆಯ ಆಟದ ಬಯಲನ್ನು ಬಿಡಿಸಲು ಹೇಳಿದೆ. ಅವನು ಹುಡುಗರ ಗುಂಪೊಂದನ್ನು ಬರೆದು, ದೂರದ ಗೋಡೆಯ ಬಳಿ ತನ್ನನ್ನು ಬರೆದುಕೊಂಡ. ಆ ವರ್ಷ ಅವನ ತರಗತಿಯ ವಿಭಾಗ ಬದಲಾಗಿ, ಹಳೆಯ ಗೆಳೆಯರು ಬೇರೆಯಾಗಿದ್ದರು. ಹಣದಿಂದ ಪೆನ್ನು, ರಬ್ಬರು, ಸ್ಟಿಕ್ಕರ್ ಕೊಂಡು ಹಂಚಿದ್ದ. ಯಾರಿಗೆ ಯಾವ ಬಣ್ಣದ್ದು ಕೊಟ್ಟೆನೆಂದು ಬೆರಳು ಮಡಿಸುತ್ತ ಒಂದೂ ತಪ್ಪದೆ ಹೇಳಿದ. “ನಿನಗೆ?” ಎಂದೆ. “ನನಗೇನೂ ಬೇಡ” ಎಂದ. ದೊಡ್ಡ ಹುಡುಗರು ಬೆದರಿಸಿ ತರಿಸುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿದೆ, ಏಕೆಂದರೆ ಹಾಗಿದ್ದರೆ ಸಲಹೆಯೇ ಬೇರೆಯಾಗುತ್ತದೆ. ಹಾಗಿರಲಿಲ್ಲ. ಕಳವಿನಿಂದ ಅವನು ಆಟದಲ್ಲಿ ಒಂದು ಜಾಗ ಕೊಳ್ಳುತ್ತಿದ್ದ, ಸುಳ್ಳಿನಿಂದ ತಂದೆಯ ಕೋಪವನ್ನು ಸ್ವಲ್ಪ ಹೊತ್ತು ಮುಂದೂಡುತ್ತಿದ್ದ. ಕೆಲಸ ಎರಡು, ಆದ್ದರಿಂದ ಪರಿಹಾರವೂ ಎರಡು.

ಮೊದಲು ಸುಳ್ಳಿನ ವಿಷಯ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಡಿ ಎಂದೆ. “ನೀನು ತೆಗೆದೆಯಾ?” ಎಂದು ಹೆದರಿದ ಮಗುವನ್ನು ಕೇಳುವುದೆಂದರೆ ಸುಳ್ಳಿಗೆ ನಾವೇ ಬಾಗಿಲು ತೆರೆದಂತೆ. ಅದರ ಬದಲು, ಬೇರೆ ಯಾರೂ ಇಲ್ಲದಾಗ, “ಪರ್ಸಿನಿಂದ ನೀನು ಹಣ ತೆಗೆದದ್ದು ನನಗೆ ಗೊತ್ತಾಗಿದೆ, ಇದನ್ನು ಹೇಗೆ ಸರಿಮಾಡೋಣ ಎಂದು ಊಟವಾದ ಮೇಲೆ ಮಾತಾಡೋಣ” ಎಂದಷ್ಟೇ ಹೇಳಬೇಕು. ಖಚಿತವಾಗಿ ಗೊತ್ತಿಲ್ಲದಿದ್ದರೆ ಆರೋಪಿಸಲೂಬಾರದು, ಹಣ ಕಾಣೆಯಾಗಿದೆ ಎಂದು ಮಾತ್ರ ಹೇಳಿ ಪರ್ಸನ್ನು ಕೈಗೆಟುಕದಂತೆ ಇಡಬೇಕು.

‘ಕಳ್ಳ’ ಎಂಬ ಮಾತು ಮನೆಯಲ್ಲಿ ತಮಾಷೆಗೂ ಬರಕೂಡದು ಎಂದಾಗ ತಂದೆ ಒಪ್ಪಲಿಲ್ಲ. “ನಾಚಿಕೆಯಾಗದೆ ಬುದ್ಧಿ ಬರುತ್ತದೆಯೇ?” ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ‘ನಾನು ಮಾಡಿದ್ದು ತಪ್ಪು’ ಎನ್ನಿಸಿದ ಮಗು ಸರಿಪಡಿಸಲು ಹೊರಡುತ್ತದೆ, ‘ನಾನೇ ಕೆಟ್ಟವನು’ ಎನ್ನಿಸಿದ ಮಗು ಅಡಗಿಕೊಳ್ಳುತ್ತದೆ. ಚೀಲ ಸುರಿದ ಮೇಲೆ ಮಗನ ಸುಳ್ಳು ಕಡಿಮೆಯಾಯಿತೇ ಎಂದು ಕೇಳಿದೆ. ಅವರು ಉತ್ತರಿಸದೆ ಹೆಂಡತಿಯ ಕಡೆ ನೋಡಿದರು.

ನಾಚಿಕೆಪಡಿಸಬೇಡಿ ಎಂದರೆ ಬಿಟ್ಟುಬಿಡಿ ಎಂದಲ್ಲ. ಆರು ವಾರ ಅವನ ಕೈಖರ್ಚಿನ ಅರ್ಧವನ್ನು ಅವನೇ ತಾಯಿಗೆ ಹಿಂದಿರುಗಿಸುವುದೆಂದು, ಅಲ್ಲಿಗೆ ಲೆಕ್ಕ ಮುಗಿಯಿತೆಂದು ನಿಶ್ಚಯಿಸಿದೆವು. ತೀರಿಸಲಾಗದ ದೊಡ್ಡ ಮೊತ್ತ ಹೊರಿಸಿದರೆ ಮಗು ಕೈಚೆಲ್ಲುತ್ತದೆ. ಹಂಚಿದ ವಸ್ತುಗಳನ್ನು ಹುಡುಗರಿಂದ ವಾಪಸು ಕೇಳಿಸುವ ಯೋಚನೆಯನ್ನು ಕೈಬಿಡಿಸಿದೆ, ಅದು ಅವನನ್ನು ಮತ್ತೆ ಗೋಡೆಯ ಬಳಿಗೇ ತಳ್ಳುತ್ತಿತ್ತು. ಅವನಿಗೆ ಬೇಕಿದ್ದ ಜಾಗಕ್ಕಾಗಿ, ವಾರಕ್ಕೊಮ್ಮೆ ಒಬ್ಬನೇ ಒಬ್ಬ ಸಹಪಾಠಿಯನ್ನು ಮನೆಗೆ ಆಟಕ್ಕೆ ಕರೆಯಲು ಹೇಳಿದೆ. ಗುಂಪಿನೊಳಗೆ ನುಗ್ಗುವುದು ಕಷ್ಟ, ಒಬ್ಬನೊಡನೆ ಬೆರೆಯುವುದು ಸುಲಭ. ಬಿಡುವಿನ ವೇಳೆಯಲ್ಲಿ ಅವನನ್ನು ಒಂದು ತಂಡಕ್ಕೆ ಸೇರಿಸುವಂತೆ, ಕಳವಿನ ಮಾತೆತ್ತದೆ, ಶಿಕ್ಷಕಿಗೆ ತಾಯಿ ಕೇಳಿಕೊಂಡರು.

ಕಳವಿನ ಜೊತೆಗೆ ಹೊಡೆದಾಟ, ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು ಮುಂತಾದವು ತಿಂಗಳುಗಟ್ಟಲೆ ನಡೆದಿದ್ದರೆ ನಾನು ಇಷ್ಟಕ್ಕೆ ನಿಲ್ಲದೆ ಮಕ್ಕಳ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.

ಐದನೆಯ ವಾರ ಮತ್ತೊಮ್ಮೆ ಹಣ ಹೋಯಿತು. ತಾಯಿ ಪ್ರಶ್ನಿಸದೆ, ಗೊತ್ತಾಗಿದೆ ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಅಭ್ಯಾಸಬಲದಿಂದ “ನಾನಲ್ಲ” ಎಂದಿದ್ದ ಹುಡುಗ ಹತ್ತು ನಿಮಿಷದಲ್ಲಿ ಬಂದು, ಮಡಿಸಿದ ನೋಟನ್ನು ಮೇಜಿನ ಮೇಲಿಟ್ಟು, “ಇನ್ನೊಂದು ವಾರ ಜಾಸ್ತಿ ಕೊಡಬೇಕಾ?” ಎಂದು ಕೇಳಿದ.